ಪದಚರ್ಚೆ: ‘ತೂಕದ ಪರಿಶೀಲನೆಯನ್ನು ಕೈಗೊಳ್ಳಲಾಗುವುದು’ – ‘ತೂಗುತ್ತೇವೆ’ ಅಂದರೆ ಸಾಲದಾ?

ಬದಿಯಡ್ಕದಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಡಿಕೆ ತಂದುಕೊಡುವ ಕೃಷಿಕರಿಗೆ ಕಾಗದ ಬರೆಯುವ ಕೆಲಸವೂ ನನ್ನದೇ. ಕಳೆದ ತಿಂಗಳು ಎಲ್ಲರಿಗೂ ಹೀಗೊಂದು ಕಾಗದ ಕಳಿಸಿದೆ:

‘ತಮ್ಮಿಂದ ಸರಬರಾಜಾದ ಅಡಿಕೆಯ ತೂಕದ ಪರಿಶೀಲನೆಯನ್ನು ಕೈಗೊಳ್ಳಲಾಗುವುದು. ಗುಣಮಟ್ಟದ ವಿಂಗಡಣೆಯ ಪೂರ್ಣಗೊಳ್ಳುವಿಕೆಯ ನಂತರ ದರದ ನಿಗದಿಯನ್ನು ಮಾಡಲಾಗುವುದು. ತೂಕದ ವ್ಯತ್ಯಾಸದ ಬಗ್ಗೆ ಆಕ್ಷೇಪಣೆಯ ಸಲ್ಲಿಕೆಗೆ ಏಳು ದಿನಗಳ ಕಾಲಾವಕಾಶವಿದ್ದು, ತದನಂತರ ಪಾವತಿಯ ಬಿಡುಗಡೆಯನ್ನು ಮಾಡಲಾಗುವುದು.’

ಬರೆಯುವಾಗ ಗತ್ತು ಇದೆ ಅನಿಸಿತ್ತು. ಕಳಿಸಿದ ಮೇಲೆ ಫೋನೋ ಫೋನು. ‘ದುಡ್ಡು ಏಳು ದಿನ ಕಳೆದ ಮೇಲಾ?’ ಅಂತ ಒಬ್ಬರು. ‘ಪರಿಶೀಲನೆಗೆ ಯಾರು ಬರುವುದು, ಕೃಷಿ ಆಫೀಸಿನವರಾ?’ ಅಂತ ಇನ್ನೊಬ್ಬರು. ನಾನು ಹೇಳಹೊರಟದ್ದು ಇಷ್ಟೇ: ನಾವೇ ತೂಗುತ್ತೇವೆ, ದರ ಆದ ಮೇಲೆ ದುಡ್ಡು ಕೊಡುತ್ತೇವೆ.

ಹಾಗಾಗಿ ಎರಡು ಸಂದೇಹ. ‘ಕೈಗೊಳ್ಳು’ ಅನ್ನುವ ಪದ ಇಲ್ಲಿ ಹೊಂದುತ್ತದಾ? ‘ಪಾವತಿಯ ಬಿಡುಗಡೆ’ ಅನ್ನುವುದಕ್ಕೆ ಒಂದೇ ಕ್ರಿಯಾಪದ ಇದೆಯಾ?

ಉಪ್ಪಳದಿಂದ

ಇದು ಸುಲಭ ಅಕ್ಕ. ನಾಮಪದದ ಬಾಲ ಕತ್ತರಿಸಿ ‘ಇಸು’ ಹಚ್ಚಿದರೆ ಮುಗಿಯಿತು. ಪರಿಶೀಲನೆ ಮಾಡು ಅಂದರೆ ಪರಿಶೀಲಿಸು. ವಿಂಗಡಣೆ ಮಾಡು ಅಂದರೆ ವಿಂಗಡಿಸು. ಪಾವತಿ ಮಾಡು ಅಂದರೆ ಪಾವತಿಸು. ನಿಮ್ಮ ಕಾಗದ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಆಫೀಸಿನಲ್ಲಿ ನಾನು ಬರೆಯುವುದೆಲ್ಲ ಹೀಗೇ: ‘ಪರಿಶೀಲಿಸಲಾಗುವುದು’, ‘ಪಾವತಿಸಲಾಗುವುದು’. ನಾಮಪದದ ಜೊತೆ ‘ಮಾಡು’ ಎಲ್ಲಿ ಕಂಡರೂ ಬಿಡಬಾರದು.

ಪೆರ್ಲದಿಂದ, ನಿವೃತ್ತ ಮಾಸ್ಟ್ರು

ಉಪ್ಪಳದ ತಮ್ಮ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧ ನೋಡುವ.

‘ಇಸು’ ಎಲ್ಲ ಕಡೆ ನಡೆಯುವುದಿಲ್ಲ. ತೂಕಕ್ಕೆ ‘ತೂಕಿಸು’ ಇಲ್ಲ, ‘ತೂಗು’ ಇದೆ. ರದ್ದತಿಗೆ ‘ರದ್ದಿಸು’ ಇಲ್ಲ, ರದ್ದು ಮಾಡು ಅನ್ನಬೇಕು. ‘ಸಲ್ಲಿಕೆ’ ಹುಟ್ಟಿದ್ದೇ ‘ಸಲ್ಲಿಸು’ ಅನ್ನುವುದರಿಂದ. ‘ಸಲ್ಲಿಕೆ ಮಾಡಿ’ ಅಂತ ಬರೆಯುವವರು ಇದ್ದ ಕ್ರಿಯಾಪದವನ್ನು ಕೊಂದು ನಾಮಪದ ಮಾಡಿ, ಅದಕ್ಕೆ ಜೀವ ಕೊಡಲು ಇನ್ನೊಂದು ಕ್ರಿಯಾಪದ ತರುತ್ತಾರೆ. ‘ಮಾರಾಟ ಮಾಡು’ ಕೂಡ ಹಾಗೆಯೇ. ಮಾರು, ಮಾರಾಟ, ಮತ್ತೆ ಮಾರಾಟ ಮಾಡು. ಅಂಗಡಿಯವನು ಮಾರುತ್ತಾನೆ, ಅಷ್ಟೇ ಅಲ್ವಾ?

ಹಾಗಂತ ‘ಮಾಡು’ ಕಂಡಲ್ಲೆಲ್ಲ ಕತ್ತಿ ಹಿಡಿಯಬೇಡಿ. ಊಟ ಮಾಡು, ಫೋನ್ ಮಾಡು, ಸ್ನಾನ ಮಾಡು, ಇವೆಲ್ಲ ಜನರ ಬಾಯಲ್ಲಿ ಒಂದೇ ಪದದಂತೆ ಕೂತಿವೆ. ಗುರುತಿಸುವುದು ಹೇಗೆ ಅಂದರೆ, ನಡುವೆ ‘ಅನ್ನು’ ಹಾಕಿ ನೋಡಿ. ‘ಊಟವನ್ನು ಮಾಡಿದೆ’ ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. ‘ಪರಿಶೀಲನೆಯನ್ನು’, ‘ನಿಗದಿಯನ್ನು’, ‘ಬಿಡುಗಡೆಯನ್ನು’ ಅಂತ ಕಾಗದದಲ್ಲಿ ಬಂದರೆ ಅಲ್ಲಿ ನಾಮಪದ ಹೊರೆಯಾಗಿದೆ ಅಂತ ಲೆಕ್ಕ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ, ನನ್ನ ಅಭ್ಯಾಸ.

ಇನ್ನು ಅಸಲು ವಿಷಯ. ‘ಪಾವತಿಸಲಾಗುವುದು’ ಅಂತ ಬರೆದರೆ ಪದ ಕಡಿಮೆಯಾಯಿತು, ಸಂದೇಹ ಹಾಗೇ ಉಳಿಯಿತು. ಯಾರು ಪಾವತಿಸುವುದು? ಕನ್ನಡದ ಕ್ರಿಯಾಪದದ ಕೊನೆಯಲ್ಲೇ ‘ಯಾರು’ ಅನ್ನುವುದು ಇರುತ್ತದೆ. ‘ತೂಗುತ್ತೇವೆ’ ಅಂದರೆ ನಾವು, ‘ತೂಗುತ್ತಾರೆ’ ಅಂದರೆ ಅವರು. ‘ತೂಗಲಾಗುವುದು’ ಅಂದರೆ ಆ ಜಾಗ ಖಾಲಿ. ನಿಮ್ಮ ಕೃಷಿಕರು ಕೃಷಿ ಆಫೀಸಿನವರನ್ನು ತಂದು ಕೂರಿಸಿದ್ದು ಆ ಖಾಲಿ ಜಾಗದಲ್ಲಿ. ಹೊರೆ ಇಳಿಸಬೇಕಾದದ್ದು ಎರಡು ಕಡೆಯಿಂದ: ಮುಂದಿನ ನಾಮಪದದಿಂದಲೂ, ಹಿಂದಿನ ‘ಲಾಗು’ವಿನಿಂದಲೂ.

ಕೈಗೊಳ್ಳು ಬಗ್ಗೆ. ಪ್ರವಾಸ ಕೈಗೊಳ್ಳುತ್ತಾರೆ, ವ್ರತ ಕೈಗೊಳ್ಳುತ್ತಾರೆ. ಸ್ವಲ್ಪ ದೊಡ್ಡ, ಸಂಕಲ್ಪ ಬೇಕಾದ ಕೆಲಸಕ್ಕೆ ಅದು ಚೆಂದ. ಗೋಣಿ ಎತ್ತಿ ತಕ್ಕಡಿಗೆ ಇಡುವುದಕ್ಕೆ ಯಾರೂ ಸಂಕಲ್ಪ ಮಾಡುವುದಿಲ್ಲ.

ಮಂಜೇಶ್ವರದಿಂದ

ಮಾಸ್ಟ್ರೇ, ಹಾಗಾದರೆ ಸಂಸ್ಕೃತ ಪದವೇ ಬೇಡ ಅಂತ ನಿಮ್ಮ ಅಭಿಪ್ರಾಯವಾ? ನನಗೆ ಒಪ್ಪಿಗೆ ಇಲ್ಲ. ಪರಿಶೀಲನೆ, ಆಕ್ಷೇಪಣೆ ಎಲ್ಲ ಕನ್ನಡವೇ ಆಗಿಹೋಗಿದೆ.

ನನ್ನ ಕತೆಯನ್ನೂ ಹೇಳುತ್ತೇನೆ. ಒಂದು ಕಚೇರಿಗೆ ಜಾಗದ ವಿಷಯದಲ್ಲಿ ಅರ್ಜಿ ಕೊಟ್ಟಿದ್ದೆ. ಎಂಟು ತಿಂಗಳಲ್ಲಿ ಮೂರು ಉತ್ತರ ಬಂತು. ಮೂರರಲ್ಲೂ ‘ತಮ್ಮ ಅಪೇಕ್ಷೆಯು ಪರಿಶೀಲನೆಯಲ್ಲಿದೆ’. ಯಾರ ಮೇಜಿನ ಮೇಲಿದೆ ಅಂತ ಕೇಳಿದರೆ ಅದಕ್ಕೂ ಅದೇ ಉತ್ತರ.

ಪೆರ್ಲದಿಂದ

ಸಂಸ್ಕೃತದ ಜಗಳ ಇಲ್ಲಿ ಇಲ್ಲ. ‘ಪರಿಶೀಲಿಸುತ್ತೇವೆ’ ಅನ್ನುವುದರಲ್ಲೂ ಸಂಸ್ಕೃತ ಇದೆ, ಆದರೂ ಅದು ಹಗುರ. ‘ಅಡಿಕೆಯ ಒಣಗುವಿಕೆಯ ಕೊರತೆ’ ಪೂರ್ತಿ ಕನ್ನಡ, ಆದರೂ ಭಾರ.

ನಿಮ್ಮ ಕತೆ ಮಾತ್ರ ನೇರವಾಗಿ ಇದಕ್ಕೇ ಸೇರುತ್ತದೆ. ‘ಪರಿಶೀಲನೆಯಲ್ಲಿದೆ’ ಅನ್ನುವುದಕ್ಕೆ ತಾರೀಕು ಹಾಕಲು ಬರುವುದಿಲ್ಲ. ನಿನ್ನೆಯೂ ನಿಜ, ಮುಂದಿನ ವರ್ಷವೂ ನಿಜ. ‘ಪರಿಶೀಲಿಸಿದೆವು’ ಅಂದರೆ ‘ಯಾವತ್ತು?’ ಅಂತ ಕೇಳಬಹುದು.

ಕುಂಬಳೆಯಿಂದ, ಅನುವಾದಕಿ

ನಮ್ಮ ಊರಿನ ಒಂದು ಕಾರಣವನ್ನು ಯಾರೂ ಹೇಳಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಸರಕಾರಿ ಕನ್ನಡದಲ್ಲಿ ಬಹುಪಾಲು ಮೊದಲು ಮಲಯಾಳದಲ್ಲಿ ಹುಟ್ಟುತ್ತದೆ. ಆ ಕಾಗದ ಓದಿ ಓದಿ ನಮ್ಮ ಅಂಗಡಿ ಕಾಗದವೂ ಹಾಗೇ ಆಗಿದೆ. ಮಂಜೇಶ್ವರದ ಅಣ್ಣ ‘ಅರ್ಜಿ’ ಅಂತ ಬರೆದರು, ಕಚೇರಿಯವರು ‘ಅಪೇಕ್ಷೆ’ ಅಂದರು, ಗಮನಿಸಿದಿರಾ? ಮಲಯಾಳದ ಅಪೇಕ್ಷೆ ಅಂದರೆ ಅರ್ಜಿ. ಕನ್ನಡದಲ್ಲಿ ಅದು ಬರೀ ಆಸೆ.

ಕ್ರಿಯಾಪದದಲ್ಲೂ ಇದೇ ಪಾಡು. ಮಲಯಾಳದಲ್ಲಿ ‘ನಲ್ಗುನ್ನದಾಣ್’ ಅಂದರೆ ‘ಕೊಡುತ್ತೇವೆ’ ಅನ್ನುವ ಭರವಸೆ. ಅದನ್ನು ಪದಕ್ಕೆ ಪದ ಇಳಿಸಿ ‘ನೀಡುವುದಾಗಿದೆ’ ಅಂತ ಬರೆಯುತ್ತಾರೆ. ‘ಹಾಜರಾಗೇಂಡದಾಣ್’ ಅನ್ನುವುದು ‘ಹಾಜರಾಗಬೇಕಾಗಿದೆ’ ಆಗುತ್ತದೆ. ‘ಹಾಜರಾಗಬೇಕು’ ಅಂದರೆ ಮುಗಿಯುವ ಮಾತು. ಮಲಯಾಳದಲ್ಲಿ ಆ ರೂಪ ಸಹಜ, ತಪ್ಪು ಅದರದ್ದಲ್ಲ. ಕನ್ನಡಕ್ಕೆ ಬಂದಾಗ ಕ್ರಿಯಾಪದ ನಾಮಪದವಾಗಿ ಕುಳಿತುಬಿಡುತ್ತದೆ.

ನಾನು ತಿದ್ದುವ ಕ್ರಮ ಹೇಳುತ್ತೇನೆ. ‘ಯ’, ‘ದ’ ಅಂತ ಮುಗಿಯುವ ಪದ ಮೂರು ಸಾಲಾಗಿ ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ನಿಮ್ಮಲ್ಲಿ ‘ಗುಣಮಟ್ಟದ ವಿಂಗಡಣೆಯ ಪೂರ್ಣಗೊಳ್ಳುವಿಕೆಯ ನಂತರ’. ಇಲ್ಲಿ ನಿಜವಾಗಿ ನಡೆಯುವ ಕೆಲಸ ಯಾವುದು? ವಿಂಗಡಿಸುವುದು. ಪೂರ್ಣಗೊಳ್ಳುವಿಕೆ ಸುಮ್ನೆ ಬಂದದ್ದು. ‘ವಿಂಗಡಿಸಿದ ಮೇಲೆ’ ಅನ್ನುವಾಗಲೇ ಪೂರ್ಣಗೊಂಡಿದೆ.

‘ಪಾವತಿಯ ಬಿಡುಗಡೆ’ಗೆ ಒಂದೇ ಪದ ಹುಡುಕಬೇಡಿ. ನಾವು ಫೀಸು ಕಟ್ಟುತ್ತೇವೆ, ಕೂಲಿ ಕೊಡುತ್ತೇವೆ, ಸಾಲ ತೀರಿಸುತ್ತೇವೆ, ಬ್ಯಾಂಕಿಗಾದರೆ ಹಾಕುತ್ತೇವೆ. ಪಾವತಿ ಅನ್ನುವ ಪದ ಈ ನಾಲ್ಕನ್ನೂ ಒಂದೇ ಗೋಣಿಗೆ ತುಂಬುತ್ತದೆ. ನಿಮ್ಮ ಅಂಗಡಿ ನಗದು ಕೊಡುತ್ತದಾ, ಖಾತೆಗೆ ಹಾಕುತ್ತದಾ? ಅದು ಗೊತ್ತಾದರೆ ಪದ ತಾನಾಗಿ ಸಿಗುತ್ತದೆ.

ಬದಿಯಡ್ಕದಿಂದ

ಖಾತೆಗೆ ಹಾಕುವುದು. ನಿನ್ನೆ ಸಂಜೆ ಕೂತು ಹೀಗೆ ಬರೆದೆ:

‘ನೀವು ತಂದ ಅಡಿಕೆಯನ್ನು ನಿಮ್ಮೆದುರೇ ತೂಗುತ್ತೇವೆ. ಪಟೋರ, ಕರಿಗೋಟು ಬೇರೆ ಮಾಡಿ ಅದೇ ದಿನ ದರ ಹೇಳುತ್ತೇವೆ. ನೀವು ದರ ಒಪ್ಪಿದ ಮೂರನೇ ದಿನ ನಿಮ್ಮ ಬ್ಯಾಂಕ್ ಖಾತೆಗೆ ದುಡ್ಡು ಹಾಕುತ್ತೇವೆ. ತೂಕದಲ್ಲಿ ವ್ಯತ್ಯಾಸ ಕಂಡರೆ ಅಡಿಕೆ ಕೊಟ್ಟ ಏಳು ದಿನದೊಳಗೆ ತಿಳಿಸಿ.’

ಬರೆಯುವಾಗ ಒಂದು ವಿಚಿತ್ರ ಆಯಿತು. ‘ಅದೇ ದಿನ’, ‘ಮೂರನೇ ದಿನ’ ಇವೆರಡೂ ಹಳೆ ಕಾಗದದಲ್ಲಿ ಇರಲೇ ಇಲ್ಲ. ‘ಹಾಕುತ್ತೇವೆ’ ಅಂತ ಬರೆದಾಗ ‘ಯಾವಾಗ?’ ಅಂತ ನನಗೇ ಕೇಳಿತು. ಉತ್ತರ ಗೊತ್ತಿಲ್ಲದೆ ಧಣಿಗಳ ಹತ್ತಿರ ಹೋಗಬೇಕಾಯಿತು.

ಅವರಿಗೆ ಕಾಗದ ಹಿಡಿಸಿತು, ‘ಮೂರನೇ ದಿನ’ ಹಿಡಿಸಲಿಲ್ಲ. ‘ನಡುವೆ ಬ್ಯಾಂಕಿಗೆ ರಜೆ ಬಂದರೆ? ಬರೆದುಕೊಟ್ಟ ಮೇಲೆ ಜನ ಬಿಡುವುದಿಲ್ಲ’ ಅಂದರು. ಕೊನೆಗೆ ‘ರಜೆ ಬಿಟ್ಟು ಮೂರು ದಿನದೊಳಗೆ’ ಅಂತಾಯಿತು.

ಇನ್ನೊಂದು ಸಮಸ್ಯೆ. ಸರಿ ಒಣಗದ ಅಡಿಕೆ ತಂದವರಿಗೆ ಬೇರೆ ಕಾಗದ ಇದೆ. ಹಳೆಯದರಲ್ಲಿ ‘ಒಣಗಿಸುವಿಕೆಯಲ್ಲಿ ನ್ಯೂನತೆ ಕಂಡುಬಂದಿದೆ’ ಅಂತಿತ್ತು. ಈಗ ‘ನೀವು ಸರಿಯಾಗಿ ಒಣಗಿಸಿಲ್ಲ’ ಅಂತ ಬರೆದೆ. ಧಣಿಗಳು ‘ಇದು ಬೈದ ಹಾಗಿದೆ, ಮತ್ತೆ ಅವರು ನಮ್ಮ ಅಂಗಡಿಗೆ ಬರುವುದಿಲ್ಲ’ ಅಂತ ತಿರುಗಿಸಿ ಕೊಟ್ಟರು. ಇಲ್ಲಿ ನಾಮಪದವೇ ಒಳ್ಳೆಯದಾ?

ಪೆರ್ಲದಿಂದ

ಧಣಿಗಳು ಹೇಳಿದ್ದು ಸರಿ. ಆದರೆ ನಾಮಪದಕ್ಕೆ ಹಿಂದೆ ಹೋಗಬೇಕಾಗಿಲ್ಲ. ‘ಒಣಗಿಸು’ ಅಂದರೆ ಮಾಡುವವನು ಬೇಕು, ‘ಒಣಗು’ ಅಂದರೆ ಬೇಡ. ‘ಅಡಿಕೆ ಸರಿ ಒಣಗಿಲ್ಲ, ಇನ್ನೂ ಬಿಸಿಲು ಬೇಕು’ ಅಂತ ಬರೆಯಿರಿ. ದೂರು ಅಡಿಕೆಯ ಮೇಲೆ ಹೋಗುತ್ತದೆ. ಅಂಗಳದಲ್ಲಿ ನಿಂತು ಮಾತಾಡುವಾಗ ನಾವು ಹೇಳುವುದೂ ಹಾಗೆಯೇ.

ಇದರಲ್ಲಿ ಒಂದು ಕಳ್ಳದಾರಿಯೂ ಇದೆ. ದುಡ್ಡು ತಡವಾದಾಗ ‘ದುಡ್ಡು ತಡವಾಗಿದೆ’ ಅಂತ ಬರೆಯುವ ಆಸೆ ಬರುತ್ತದೆ. ಅಲ್ಲಿ ‘ತಡ ಮಾಡಿದ್ದೇವೆ’ ಅನ್ನಬೇಕು. ಅಡಿಕೆ ಬಿಸಿಲಿಲ್ಲದೆ ತಾನಾಗಿ ಒಣಗದೆ ಇರಬಹುದು, ದುಡ್ಡು ತಾನಾಗಿ ತಡವಾಗುವುದಿಲ್ಲ.

ಉಪ್ಪಳದಿಂದ

ನನ್ನ ‘ಇಸು’ ಸೂತ್ರವನ್ನು ಹಿಂದೆ ತೆಗೆದುಕೊಂಡೆ, ಅರ್ಧ ಮಾತ್ರ. ಆದರೆ ಕಾಗದದ ಕೊನೆಯ ‘ತಿಳಿಸಿ’ ನನಗೆ ಒಪ್ಪಿಗೆ ಇಲ್ಲ. ನಮ್ಮ ತಂದೆಯ ವಯಸ್ಸಿನವರಿಗೆ ಹಾಗೆ ಬರೆದರೆ ಆಜ್ಞೆ ಮಾಡಿದ ಹಾಗಲ್ವಾ? ‘ತಿಳಿಸಬೇಕಾಗಿ ವಿನಂತಿ’ ಅಂದರೆ ಉದ್ದವಾದರೂ ಮರ್ಯಾದೆ.

ಕುಂಬಳೆಯಿಂದ

‘ತಿಳಿಸಿ’ಯಲ್ಲೇ ಮರ್ಯಾದೆಯ ರೂಪ ಇದೆ. ‘ದಯವಿಟ್ಟು ತಿಳಿಸಿ’ ಅಂದರೆ ಧಾರಾಳ ಆಯಿತು. ‘ವಿನಂತಿ’ ಹಾಕಿದರೆ ಮತ್ತೆ ನಾಮಪದಕ್ಕೆ ಮರಳಿದ ಹಾಗೆ.

ಬದಿಯಡ್ಕದಿಂದ

ಧಣಿಗಳು ‘ವಿನಂತಿ’ಯ ಪಕ್ಷ, ನಾನು ‘ದಯವಿಟ್ಟು’. ಸದ್ಯಕ್ಕೆ ಹಿರಿಯರಿಗೆ ಒಂದು, ಉಳಿದವರಿಗೆ ಒಂದು ಅಂತ ಎರಡು ಪ್ರತಿ ಮಾಡಿದ್ದೇನೆ. ಅದೇ ಕಾಗದದ ಹಿಂದಿನ ಬದಿಯಲ್ಲಿ ಮಲಯಾಳ ಇದೆ. ಅಲ್ಲಿ ಇನ್ನೂ ಹಳೆಯದೇ, ‘ಅದೇ ದಿನ’ವೂ ಇಲ್ಲ, ‘ಮೂರು ದಿನ’ವೂ ಇಲ್ಲ. ಕುಂಬಳೆಯ ಅಕ್ಕ, ಅದನ್ನೊಮ್ಮೆ ನೋಡಿಕೊಡುತ್ತೀರಾ?