ವಾಪಸ್ ಬಂದ ಮಾಲಿನ ತಪಾಸಣೆ: ರೀಸ್ಟಾಕ್, ರಿಪೇರಿ, ಸಪ್ಲೈಯರ್ ಕ್ಲೇಮ್, ರೈಟ್ ಆಫ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಸುಮಾ:

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಉಪಕರಣಗಳ ಸಗಟು ವಿತರಕರೊಬ್ಬರ ಗೋದಾಮಿಗೆ ತಂತ್ರಾಂಶದ ಕನ್ನಡ ಪರದೆಗಳು ಸಿದ್ಧವಾಗುತ್ತಿವೆ. ವಾಪಸ್ ಬರುವ ಮಾಲಿನ ಭಾಗದಲ್ಲಿ ಪದಗಳು ಕೂರುತ್ತಿಲ್ಲ.

ಕ್ರಮ ಹೀಗಿದೆ. ಅಂಗಡಿಯವರು ಬಿಲ್ ನಂಬರು, ಸೀರಿಯಲ್ ನಂಬರು ಮತ್ತು ದೂರು ಬರೆದು ಕೇಳುತ್ತಾರೆ. ಕಚೇರಿಯವರು ನೋಡಿ ಒಂದು ನಂಬರು ಕೊಡುತ್ತಾರೆ. ಅದನ್ನು ಪೆಟ್ಟಿಗೆಯ ಮೇಲೆ ಬರೆದು ಲಾರಿಗೆ ಹಾಕುತ್ತಾರೆ. ಗೋದಾಮಿನಲ್ಲಿ ಇನ್‌ಸ್ಪೆಕ್ಷನ್ ಮಾಡಿದವರು ಕೊನೆಗೆ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತುತ್ತಾರೆ.

ಸದ್ಯದ ಕರಡಿನಲ್ಲಿ ರಿಟರ್ನ್ ಆಥರೈಸೇಶನ್‌ಗೆ ‘ವಾಪಸಾತಿ ಮಂಜೂರಾತಿ’ ಎಂದಿದೆ. ನಾಲ್ಕು ಗುಂಡಿಗಳು ‘ಮರುದಾಸ್ತಾನು’, ‘ದುರಸ್ತಿ’, ‘ಪೂರೈಕೆದಾರ ಹಕ್ಕುಸಾಧನೆ’, ‘ಮನ್ನಾ’. ಕೆಲಸದವರಿಗೆ ಓದಿದ ತಕ್ಷಣ ತಿಳಿಯಬೇಕು. ಯಾವುದನ್ನು ಬದಲಿಸೋಣ?

ವೆಂಕಟೇಶ್:

ಸುಮಾ ಅವರೆ, ‘ಮನ್ನಾ’ ಖಂಡಿತ ಬೇಡ. ಸಾಲ ಮನ್ನಾ ಎಂದರೆ ಕೊಡಬೇಕಾದವನನ್ನು ಬಿಟ್ಟುಬಿಡುವುದು. ಇಲ್ಲಿ ಯಾರಿಗೂ ಯಾರೂ ಏನನ್ನೂ ಬಿಡುತ್ತಿಲ್ಲ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ‘ವಜಾ’ ಎಂಬ ಪದವಿದೆ, ಕಳೆಯುವುದು ಎಂಬ ಅರ್ಥದಲ್ಲಿ. ಅದು ಚಿಕ್ಕದು, ಗುಂಡಿಗೂ ಹಿಡಿಸುತ್ತದೆ. ಹೇಗೂ ಹಾಳಾದ ವಸ್ತುವನ್ನು ಎಸೆಯುವುದೇ ತಾನೆ ರೈಟ್ ಆಫ್?

‘ಹಕ್ಕುಸಾಧನೆ’ ನ್ಯಾಯಾಲಯದ ಮಾತಾಯಿತು. ‘ಪರಿಹಾರ ಕೋರಿಕೆ’ ಆಗಬಹುದು. ‘ಮರುದಾಸ್ತಾನು’ ಸಮಾಸವಾಗಿ ಸರಿಯಾಗಿದೆ, ಇರಲಿ.

ಬಸವರಾಜ್, ಹುಬ್ಬಳ್ಳಿ:

ವೆಂಕಟೇಶ್ ಸರ್, ‘ಮನ್ನಾ’ ಬೇಡ ಎಂದದ್ದು ಸರಿ. ಆದರೆ ರೈಟ್ ಆಫ್ ಎಂದರೆ ಎಸೆಯುವುದಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ಮಂಜೂರಾತಿ’ ತೆಗೆಯಿರಿ. ಅಂಗಡಿಯವರು ಆ ಪದ ಓದಿದರೆ ದುಡ್ಡೇ ಮಂಜೂರಾಯಿತು ಎಂದುಕೊಳ್ಳುತ್ತಾರೆ, ಮರುದಿನವೇ ಕ್ರೆಡಿಟ್ ನೋಟ್ ಕೇಳುತ್ತಾರೆ. ಆ ನಂಬರಿನ ಅರ್ಥ ‘ಮಾಲು ಕಳಿಸಿ, ನೋಡುತ್ತೇವೆ’ ಎಂದಷ್ಟೇ. ‘ವಾಪಸ್ ಕಳಿಸಲು ಒಪ್ಪಿಗೆ’ ಎಂದು ಪೂರ್ತಿ ಬರೆಯಿರಿ, ನಂಬರಿಗೆ ‘ವಾಪಸ್ ನಂಬರು’ ಎನ್ನಿ. ಕ್ರೆಡಿಟ್ ನೋಟ್ ಹುಟ್ಟುವುದು ತಪಾಸಣೆ ಮುಗಿದ ಮೇಲೆ.

ಇನ್ನು ಗುಂಡಿಗಳು. ಇಲ್ಲಿ ಪದಕ್ಕಿಂತ ಮುಂಚೆ ಒಂದು ತೊಡಕಿದೆ. ಈ ನಾಲ್ಕೂ ಒಂದೇ ಜಾತಿಯ ಮಾತುಗಳಲ್ಲ. ರೀಸ್ಟಾಕ್ ಮತ್ತು ರಿಪೇರಿ, ಮಾಲು ಎಲ್ಲಿಗೆ ಹೋಗಬೇಕು ಎಂದು ಹೇಳುತ್ತವೆ. ಸಪ್ಲೈಯರ್ ಕ್ಲೇಮ್, ನಷ್ಟ ಯಾರು ಕೊಡಬೇಕು ಎಂದು ಹೇಳುತ್ತದೆ. ರೈಟ್ ಆಫ್, ಯಾರೂ ಕೊಡುವುದಿಲ್ಲ, ನಮ್ಮದೇ ನಷ್ಟ ಎಂದು ಹೇಳುತ್ತದೆ. ನಾಲ್ಕರಲ್ಲಿ ಒಂದನ್ನು ಮಾತ್ರ ಒತ್ತಿ ಎಂದರೆ ಕೆಲಸದವನು ಎಲ್ಲೋ ಒಂದು ಕಡೆ ಸುಳ್ಳು ಬರೆಯಲೇಬೇಕಾಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ದಾವಣಗೆರೆಯ ಅಂಗಡಿಯೊಂದರಿಂದ 750 ವ್ಯಾಟಿನ 12 ಮಿಕ್ಸಿ ಒಂದೇ ವಾಪಸ್ ನಂಬರಿನಲ್ಲಿ ಬಂದಿವೆ. ತೆರಿಗೆ ಬಿಟ್ಟು ಖರೀದಿ ಬೆಲೆ ತಲಾ 2,400 ರೂಪಾಯಿ ಎಂದಿಟ್ಟುಕೊಳ್ಳಿ.

ನಾಲ್ಕು ಪೆಟ್ಟಿಗೆಗಳ ಸೀಲ್ ಒಡೆದಿಲ್ಲ. ಸೀಲ್ ಒಂದನ್ನೇ ನೋಡಿ ನಾಲ್ಕನ್ನೂ ಕಪಾಟಿಗೆ ಏರಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಸೀರಿಯಲ್ ನಂಬರನ್ನು ಮಾರಾಟದ ಬಿಲ್ಲಿಗೆ ತಾಳೆ ನೋಡಿದರೆ ಮೂರು ಮಾತ್ರ ಸೇರುತ್ತವೆ. ನಾಲ್ಕನೆಯದು ಈ ಗೋದಾಮಿನಿಂದ ಹೋದದ್ದೇ ಅಲ್ಲ, ಅಂಗಡಿಯವರು ಬೇರೆ ವಿತರಕರಿಂದ ಕೊಂಡದ್ದು. ಅದಕ್ಕೆ ನಿಮ್ಮ ನಾಲ್ಕು ಗುಂಡಿಗಳಲ್ಲಿ ಜಾಗವಿಲ್ಲ. ‘ಒಪ್ಪಿಲ್ಲ, ಅಂಗಡಿಗೇ ವಾಪಸ್’ ಎಂಬ ಐದನೆಯದು ಬೇಕು.

ಮೂರು ಮಿಕ್ಸಿಗಳಲ್ಲಿ ಮೋಟರ್ ಮೇಲಿನ ಕಪ್ಲರ್ ಹಲ್ಲು ಮುರಿದಿದೆ. ಕಪ್ಲರಿಗೆ 40, ಕೂಲಿ 80 ಎಂದು ಹಿಡಿದರೆ ಮೂರಕ್ಕೆ 360 ರೂಪಾಯಿಯ ರಿಪೇರಿ. ಮೂರೂ ಒಂದೇ ತಿಂಗಳ ತಯಾರಿಕೆಯಾಗಿದ್ದರೆ ಅದು ಬಳಸಿದವರ ತಪ್ಪಿಗಿಂತ ಭಾಗದ ದೋಷವಾಗಿರುವ ಸಾಧ್ಯತೆ ಹೆಚ್ಚು, ಆ 360ನ್ನು ಕಂಪನಿಯಿಂದ ಕೇಳಬೇಕು. ಹಾಗಾದರೆ ಇದು ರಿಪೇರಿಯೋ, ಕ್ಲೇಮೋ? ಎರಡೂ. ಒಂದೇ ಗುಂಡಿ ಇದ್ದರೆ ‘ದುರಸ್ತಿ’ ಒತ್ತುತ್ತಾರೆ, ಕ್ಲೇಮ್ ಕೇಳುವುದು ಮರೆತೇ ಹೋಗುತ್ತದೆ.

ಎರಡರಲ್ಲಿ ವೈಂಡಿಂಗ್ ಸುಟ್ಟಿದೆ. ಇವು ಕಂಪನಿಗೆ ಹೋಗಬೇಕು. ಆದರೆ ಕ್ಲೇಮ್ ಹಾಕಿದ ದಿನ ವಿಷಯ ಮುಗಿಯುವುದಿಲ್ಲ. ಮೋಟರಿನೊಳಗೆ ನೀರಿನ ಕಲೆ ಇದೆ ಎಂದು ಕಂಪನಿಯವರು ತಿರಸ್ಕರಿಸಿದರೆ ಮಾಲು ಮತ್ತೆ ನಮ್ಮ ಬಾಗಿಲಿಗೇ ಬರುತ್ತದೆ, ಆಗ ರಿಪೇರಿಯೋ ನಷ್ಟವೋ ಎಂದು ಇನ್ನೊಮ್ಮೆ ತೀರ್ಮಾನಿಸಬೇಕು. ಅದಕ್ಕೇ ಅಲ್ಲಿ ‘ಕಂಪನಿಗೆ ಕ್ಲೇಮ್ ಹಾಕಿದೆ, ಉತ್ತರ ಬಂದಿಲ್ಲ’ ಎಂಬ ಸ್ಥಿತಿ ಕಾಣಬೇಕು. ಕಳಿಸುವ ಮುಂಚೆ ಮೋಟರಿನ ಫೋಟೊ ತೆಗೆದಿಟ್ಟುಕೊಳ್ಳದಿದ್ದರೆ ವಾದಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ಪೆಟ್ಟಿಗೆ ನೆನೆದು, ಒಳಗೆ ಬೇರಿಂಗ್ ತುಕ್ಕು ಹಿಡಿದಿದೆ. ಇದು ಲಾರಿಯಲ್ಲಿ ಆದದ್ದು. ಕ್ಲೇಮ್ ಹೌದು, ಆದರೆ ಸಪ್ಲೈಯರ್ ಮೇಲಲ್ಲ, ಸಾಗಣೆದಾರರ ಮೇಲೆ. ಮಾಲು ಇಳಿಸಿಕೊಳ್ಳುವಾಗಲೇ ಬಿಲ್ಟಿಯ ಮೇಲೆ ‘ಪೆಟ್ಟಿಗೆ ನೆನೆದಿದೆ’ ಎಂದು ಬರೆದು ಡ್ರೈವರ್ ಸಹಿ ಹಾಕಿಸಿಕೊಂಡಿರಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡಲು ಬರುವುದಿಲ್ಲ. ‘ಪೂರೈಕೆದಾರ’ ಎಂಬ ಪದ ಗುಂಡಿಯ ಮೇಲಿದ್ದರೆ ಈ ಮಿಕ್ಸಿಯೂ ಕಂಪನಿಯ ರಾಶಿಗೆ ಸೇರುತ್ತದೆ, ಅವರು ತಿರಸ್ಕರಿಸುವ ಹೊತ್ತಿಗೆ ಈ ದಿನಗಳು ಕಳೆದಿರುತ್ತವೆ.

ಉಳಿದ ಎರಡರ ಮೇಲೆ ‘ಆನ್ ಆಗುತ್ತಿಲ್ಲ’ ಎಂಬ ದೂರು. ಅಡಿಯಲ್ಲಿರುವ ಕೆಂಪು ಓವರ್‌ಲೋಡ್ ಬಟನ್ ಒತ್ತಿದರೆ ಓಡುತ್ತವೆ. ದೋಷವಿಲ್ಲ, ಆದರೆ ಪೆಟ್ಟಿಗೆ ತೆರೆದಿದೆ, ಜಾರ್ ಬಳಸಿದ್ದಾರೆ. ಇವನ್ನು ಹೊಸದೆಂದು ಮಾರುವಂತಿಲ್ಲ.

ಅದಕ್ಕೇ ನನ್ನ ಸಲಹೆ, ಪರದೆಯಲ್ಲಿ ಮೂರು ಸಾಲು ಇರಲಿ: ‘ಏನು ಕಂಡಿತು’, ‘ಮಾಲು ಎಲ್ಲಿಗೆ’, ‘ನಷ್ಟ ಯಾರದು’. ಮೊದಲನೆಯದನ್ನು ತುಂಬದೆ ಉಳಿದೆರಡು ತೆರೆಯಬಾರದು. ತುಂಬುವವರೆಗೂ ಮಾಲು ‘ತಪಾಸಣೆಗೆ ಕಾದಿದೆ’ ಎಂಬ ಬೇರೆ ಜಾಗದ ಲೆಕ್ಕದಲ್ಲಿರಲಿ. ಇಲ್ಲದಿದ್ದರೆ ಇಳಿಸಿದ ಕ್ಷಣವೇ 12 ಮಿಕ್ಸಿ ಮಾರಲು ಸಿದ್ಧ ಎಂದು ತಂತ್ರಾಂಶ ತೋರಿಸುತ್ತದೆ, ಸುಟ್ಟ ಮಿಕ್ಸಿಗೂ ಆರ್ಡರ್ ಬೀಳುತ್ತದೆ.

ಫರೀದಾ, ಔಷಧ ಸಗಟು ವ್ಯಾಪಾರ:

ನಮ್ಮಲ್ಲಿ ಇಷ್ಟೆಲ್ಲ ಇಲ್ಲ. ಅವಧಿ ಮುಗಿದ ಮಾತ್ರೆ ಮೆಡಿಕಲ್ ಶಾಪಿನಿಂದ ಬಂದರೆ ‘ಎಕ್ಸ್‌ಪೈರಿ ವಾಪಸ್’ ಎನ್ನುತ್ತೇವೆ, ಬ್ಯಾಚ್ ನಂಬರು ನೋಡಿ ನೇರ ಕಂಪನಿಗೆ ಕಳಿಸುತ್ತೇವೆ. ಮತ್ತೆ ದಾಸ್ತಾನಿಗೆ ಸೇರಿಸುವ ಪ್ರಶ್ನೆಯೇ ಇಲ್ಲ, ರಿಪೇರಿಯಂತೂ ಇಲ್ಲ. ಸುಮ್ಮನೆ ‘ಕಂಪನಿ ವಾಪಸ್’ ಎಂದು ಒಂದು ಗುಂಡಿ ಇಟ್ಟರೆ ಸಾಕಲ್ಲವೆ? ಗಿರಾಕಿ ದುಡ್ಡು ವಾಪಸ್ ಕೇಳಿದರೆ ಅದು ಅಂಗಡಿಯವರು ನೋಡಿಕೊಳ್ಳುವ ವಿಚಾರ.

ಬಸವರಾಜ್:

ಫರೀದಾ ಮೇಡಂ, ಸುಮಾ ಅವರ ಪ್ರಶ್ನೆ ಗಿರಾಕಿಯ ದುಡ್ಡಿನದಲ್ಲ, ಅಂಗಡಿಯಿಂದ ವಿತರಕರಿಗೆ ಬಂದ ಮಾಲಿನದು. ನಿಮ್ಮ ವ್ಯಾಪಾರದಲ್ಲಿ ದಿನಾಂಕವೇ ತೀರ್ಮಾನ ಹೇಳಿಬಿಡುತ್ತದೆ, ಮಿಕ್ಸಿಯಲ್ಲಿ ಬಿಚ್ಚಿ ನೋಡಿದ ಮೇಲಷ್ಟೇ ತಿಳಿಯುತ್ತದೆ. ಆದರೆ ‘ಕಂಪನಿ’ ಎಂಬ ನಿಮ್ಮ ಪದ ಒಳ್ಳೆಯದು. ಗೋದಾಮಿನಲ್ಲಿ ಯಾರೂ ಪೂರೈಕೆದಾರ ಎನ್ನುವುದಿಲ್ಲ. ‘ಕಂಪನಿಗೆ ಕ್ಲೇಮ್’ ಎಂದರೆ ತಕ್ಷಣ ತಿಳಿಯುತ್ತದೆ, ಪಕ್ಕದಲ್ಲೇ ‘ಲಾರಿಯವರಿಗೆ ಕ್ಲೇಮ್’ ಎಂದೂ ಇಡಬಹುದು.

ವೆಂಕಟೇಶ್:

‘ಕ್ಲೇಮ್’ ಹಾಗೇ ಇರಲಿ ಎಂದರೆ ನನ್ನದೂ ತಕರಾರಿಲ್ಲ, ವಿಮೆಯಿಂದಾಗಿ ಅದು ಹಳ್ಳಿಗೂ ತಲುಪಿದ ಪದ. ಆದರೆ ‘ವಜಾ’ ಯಾಕೆ ಆಗದು ಎಂದು ನೀವು ಹೇಳಲಿಲ್ಲ.

ಬಸವರಾಜ್:

ಸರ್, ಇವತ್ತು ‘ವಜಾ’ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಕೆಲಸದಿಂದ ತೆಗೆಯುವುದು, ಇಲ್ಲವೆ ಅರ್ಜಿ ವಜಾ. ಪರದೆಯಲ್ಲಿ ‘ವಜಾ’ ಎಂದು ಕಂಡರೆ ಅಂಗಡಿಯವರ ಕೋರಿಕೆಯನ್ನೇ ತಿರಸ್ಕರಿಸಲಾಗಿದೆ ಎಂದು ಓದುವ ಸಾಧ್ಯತೆ ಇದೆ. ಬೇರೆ ವಿತರಕರಿಂದ ಕೊಂಡ ಆ ನಾಲ್ಕನೆಯ ಸೀಲ್ ಪೆಟ್ಟಿಗೆಗೆ ಅದನ್ನೇ ಒತ್ತುತ್ತಾರೆ, ಆಗ ನಮ್ಮದಲ್ಲದ ಮಾಲು ನಮ್ಮ ನಷ್ಟದ ಖಾತೆಗೆ ಬರುತ್ತದೆ.

ಎಸೆಯುವ ವಿಚಾರಕ್ಕೆ ಬರುತ್ತೇನೆ. ಲಾರಿಯವರು ನೆನೆದ ಮಿಕ್ಸಿಗೆ ಏನೂ ಕೊಡಲಿಲ್ಲ ಎಂದುಕೊಳ್ಳಿ. ಮಾಲು ಹೋಗುವುದು ಗುಜರಿಗೆ, ಅದರಲ್ಲಿ ತಾಮ್ರವಿದೆ, ಒಂದಿಷ್ಟು ದುಡ್ಡು ಬರುತ್ತದೆ. ಪುಸ್ತಕದಲ್ಲಿ 2,400 ನಷ್ಟಕ್ಕೆ ಹೋಗುತ್ತದೆ. ಒಂದು ವಸ್ತುವಿನ ಗತಿ, ಇನ್ನೊಂದು ಲೆಕ್ಕದ ಗತಿ. ಮಾಲು ಇನ್ನೂ ಮೂಲೆಯಲ್ಲಿ ಬಿದ್ದಿರುವಾಗಲೇ ಲೆಕ್ಕದಿಂದ ತೆಗೆದಿರಬಹುದು.

ಲೆಕ್ಕದ ಕಡೆ ತೆರಿಗೆಯೂ ಇದೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಕಳೆದುಹೋದ, ಕಳವಾದ, ನಾಶವಾದ ಮಾಲಿನ ಜೊತೆಗೆ ರೈಟ್ ಆಫ್ ಮಾಡಿದ ಮಾಲನ್ನೂ ಹೆಸರಿಸಿ, ಅದನ್ನು ಕೊಂಡಾಗ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗದು ಎನ್ನುತ್ತದೆ. ಶೇಕಡ 18ರ ದರದಲ್ಲಿ 2,400ಕ್ಕೆ 432 ರೂಪಾಯಿ. ಆ ಒಂದು ಮಿಕ್ಸಿಯ ನಷ್ಟ 2,832 ಆಗುತ್ತದೆ. ಗೋದಾಮಿನ ಹುಡುಗ ಗುಂಡಿ ಒತ್ತಿದ್ದಕ್ಕೆ ಇಷ್ಟೆಲ್ಲ ಆಗುವುದು ಸರಿಯಲ್ಲ. ಅವನ ಪರದೆಯಲ್ಲಿ ‘ಗುಜರಿಗೆ’ ಎಂದಿರಲಿ, ‘ನಷ್ಟಕ್ಕೆ ಬರೆ’ ಎಂಬುದು ಲೆಕ್ಕಪತ್ರದವರ ಪರದೆಯಲ್ಲಿ ಮಾತ್ರ ಇರಲಿ.

ಸುಮಾ:

ಬಸವರಾಜ್ ಅವರೆ, ಬಹಳ ಉಪಕಾರವಾಯಿತು. ಮೂರು ಸಾಲಿನ ಪರದೆಯ ವಿಚಾರವನ್ನು ತಂತ್ರಾಂಶದವರ ಮುಂದಿಡುತ್ತೇನೆ. ‘ವಾಪಸ್ ಕಳಿಸಲು ಒಪ್ಪಿಗೆ’, ‘ರಿಪೇರಿಗೆ’, ‘ಕಂಪನಿಗೆ ಕ್ಲೇಮ್’, ‘ಲಾರಿಯವರಿಗೆ ಕ್ಲೇಮ್’, ‘ಗುಜರಿಗೆ’, ‘ನಷ್ಟಕ್ಕೆ ಬರೆ’ ಇಷ್ಟೂ ಸಿಕ್ಕವು. ‘ಮರುದಾಸ್ತಾನು’ ಮಾತ್ರ ಇನ್ನೂ ಕಾಡುತ್ತಿದೆ. ಖಾಲಿಯಾದ ಮಾಲನ್ನು ಮತ್ತೆ ತರಿಸುವುದು ಎಂದೂ ಓದಬಹುದಲ್ಲ?

ಬಸವರಾಜ್:

ಹೌದು, ಇಂಗ್ಲಿಷಿನ ರೀಸ್ಟಾಕ್‌ಗೂ ಆ ಎರಡು ಅರ್ಥ ಇವೆ. ‘ಮತ್ತೆ ಮಾರಾಟಕ್ಕೆ’ ಎಂದರೆ ಗೊಂದಲವಿಲ್ಲ. ಸೀಲ್ ಒಡೆಯದ ಮೂರಕ್ಕೆ ಅದು ಸರಿ. ಕೆಂಪು ಬಟನ್ ಒತ್ತಿದ ಮೇಲೆ ಓಡಿದ ಎರಡಕ್ಕೆ ಬೇರೆ ಪದ ಬೇಕು, ಬೇರೆ ಬೆಲೆಯೂ ಬೇಕು, ಯಾಕೆಂದರೆ ಅವು 2,400ಕ್ಕೆ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಓಪನ್ ಬಾಕ್ಸ್ ಎನ್ನುತ್ತಾರೆ.

ಫರೀದಾ:

‘ಪೆಟ್ಟಿಗೆ ಒಡೆದದ್ದು’ ಎನ್ನಬಹುದಲ್ಲ?

ವೆಂಕಟೇಶ್:

ಒಡೆದದ್ದು ಎಂದರೆ ಪೆಟ್ಟಿಗೆಗೇ ಹಾನಿಯಾಗಿದೆ ಎಂದು ತಿಳಿದಾರು. ‘ಸೀಲ್ ತೆರೆದದ್ದು’ ಎನ್ನಿ.

ಬಸವರಾಜ್:

‘ಸೀಲ್ ತೆರೆದದ್ದು’ ಎಂದರೆ ಸೀಲ್ ತೆರೆದು, ಒಮ್ಮೆಯೂ ಬಳಸದೆ ಬಂದದ್ದೂ ಅದರಲ್ಲೇ ಸೇರುತ್ತದೆ. ಜಾರಿನಲ್ಲಿ ಮಸಾಲೆ ವಾಸನೆ ಇರುವುದಕ್ಕೂ ಅದಕ್ಕೂ ಒಂದೇ ಬೆಲೆ ಕಟ್ಟಲಾಗದು. ಎರಡು ಪದ ಬೇಕೇನೋ. ‘ತೆರೆದದ್ದು’ ಮತ್ತು ‘ಬಳಸಿದ್ದು’ ಎಂದಿಟ್ಟರೆ ಹೇಗೆ, ಬೇರೆಯವರೂ ಹೇಳಿ.