ಸೋಯಾ ಚಂಕ್ಸ್, ತೋಫು, ಪನೀರ್: ತಿಂದವರ ಅನುಭವ

ಕೇಳಿದ್ದು, ದಾವಣಗೆರೆಯಿಂದ: ವಯಸ್ಸು 27, ಸಸ್ಯಾಹಾರಿ, ಜಿಮ್ ಸೇರಿ ಎರಡು ತಿಂಗಳು. ರಾತ್ರಿ ಊಟಕ್ಕೆ ಸೋಯಾ ಚಂಕ್ಸ್, ತೋಫು, ಪನೀರ್ ಇದರಲ್ಲಿ ಯಾವುದು? ಸೋಯಾ ತಿಂದರೆ ಗಂಡಸರ ಹಾರ್ಮೋನ್ ಕೆಡುತ್ತದೆ ಅಂತ ಅಮ್ಮ ಹೆದರುತ್ತಿದ್ದಾರೆ.

ಮೈಸೂರಿನ ಜಿಮ್ ಗೆಳೆಯ: ಮೀಲ್ ಮೇಕರ್ ತಗೊಳ್ಳಿ, ಬೇರೆ ಯೋಚನೆ ಬೇಡ. ನೂರು ಗ್ರಾಂಗೆ 52 ಗ್ರಾಂ ಪ್ರೋಟೀನ್ ಅಂತ ಪ್ಯಾಕೆಟ್ ಮೇಲೇ ಇದೆ. ನಾನು ದಿನಾ ಬೇಯಿಸಿ, ನೂರು ಗ್ರಾಂ ತೂಗಿ ತಿನ್ನುತ್ತೇನೆ.

ಹುಬ್ಬಳ್ಳಿಯ ಡಯಟಿಷಿಯನ್: ಅಣ್ಣಾ, ಆ 52 ಒಣ ಚಂಕ್ಸ್‌ನ ಲೆಕ್ಕ. ನೆನೆದರೆ ಅದು ನೀರು ಕುಡಿದು ಸುಮಾರು ಮೂರು ಪಟ್ಟು ತೂಗುತ್ತದೆ. ನಿಮ್ಮ ನೂರು ಗ್ರಾಂ ಬೆಂದದ್ದರಲ್ಲಿ ಇರುವುದು 17 ಗ್ರಾಂ ಆಸುಪಾಸು. ಹಾಗಾಗಿ ಒಣಗಿದ್ದಾಗಲೇ ತೂಗಿ. 50 ಗ್ರಾಂ ಒಣ ಚಂಕ್ಸ್‌ನಲ್ಲಿ 26 ಗ್ರಾಂ ಪ್ರೋಟೀನ್, 170 ಕ್ಯಾಲೊರಿ. ಅಷ್ಟೇ ಪ್ರೋಟೀನ್ ಪನೀರ್‌ನಿಂದ ಬೇಕೆಂದರೆ ಸುಮಾರು 140 ಗ್ರಾಂ ತಿನ್ನಬೇಕು, ಕೊಬ್ಬಿನಿಂದಾಗಿ 400 ಕ್ಯಾಲೊರಿ ದಾಟಬಹುದು. ಗಟ್ಟಿ ತೋಫು ಇವೆರಡರ ನಡುವೆ ನಿಲ್ಲುತ್ತದೆ. ಆದರೆ ಬ್ರಾಂಡ್‌ನಿಂದ ಬ್ರಾಂಡ್‌ಗೆ ನೀರಿನಂಶ ಬೇರೆ, ಪ್ಯಾಕೆಟ್ ಓದಿಯೇ ಕೊಳ್ಳಿ. ತೂಕ ಇಳಿಸುವುದಿದ್ದರೆ ಚಂಕ್ಸ್, ತೂಕ ಏರಬೇಕಾದರೆ ಪನೀರ್ ತೊಂದರೆಯೇ ಅಲ್ಲ.

ಅಮ್ಮನ ಭಯಕ್ಕೆ ಕಾರಣ ಇದೆ. ಸೋಯಾದಲ್ಲಿ ಈಸ್ಟ್ರೋಜನ್ ಹೋಲುವ ಐಸೋಫ್ಲೇವೋನ್ ಇರುತ್ತದೆ, ಆದರೆ ಅದರ ಶಕ್ತಿ ತುಂಬಾ ಕಡಿಮೆ. ಗಂಡಸರ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲಿ ಟೆಸ್ಟೋಸ್ಟೆರೋನ್ ಇಳಿದದ್ದು ಕಾಣಲಿಲ್ಲ. ಎದೆ ಊದಿಕೊಂಡ ಒಬ್ಬ ರೋಗಿಯ ವರದಿ 2008ರಲ್ಲಿ ಬಂದಿತ್ತು, ನಿಜ. ಅವರು ದಿನಕ್ಕೆ ಮೂರು ಲೀಟರ್ ಹತ್ತಿರ ಸೋಯಾ ಹಾಲು ಕುಡಿಯುತ್ತಿದ್ದರು. ಬಿಟ್ಟ ಮೇಲೆ ಕಡಿಮೆಯಾಯಿತು.

ತುಮಕೂರಿನಿಂದ: ನನಗೆ ಸೋಯಾದಿಂದಲೇ ಥೈರಾಯ್ಡ್ ಕೆಟ್ಟಿತು. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿ, ಹದಿನೈದು ನಿಮಿಷಕ್ಕೆ ಸೋಯಾ ಹಾಲು ಕುಡಿಯುತ್ತಿದ್ದೆ. ಮೂರು ತಿಂಗಳಲ್ಲಿ ಟಿಎಸ್‌ಎಚ್ ಏರಿತು. ಯಾರೂ ತಿನ್ನಬೇಡಿ.

ಹುಬ್ಬಳ್ಳಿಯ ಡಯಟಿಷಿಯನ್: ಅಕ್ಕಾ, ಮಾತ್ರೆಯನ್ನು ದೇಹ ಹೀರದಂತೆ ಸೋಯಾ ತಡೆದಿರಬಹುದು, ಗ್ರಂಥಿಯನ್ನೇ ಕೆಡಿಸಿತು ಅಂತ ಹೇಳಲಾಗದು. ಮಾತ್ರೆ ಖಾಲಿ ಹೊಟ್ಟೆಗೆ, ಸೋಯಾಗೂ ಅದಕ್ಕೂ ನಾಲ್ಕು ಗಂಟೆ ಅಂತರ. ನಿಮ್ಮ ಡಾಕ್ಟರ ಹತ್ತಿರ ಮಾತಾಡಿ, ಮತ್ತೆ ಪರೀಕ್ಷೆ ಮಾಡಿಸಿ.

ಶಿರಸಿಯ ಅಮ್ಮ: ನಮ್ಮ ಮನೆಯಲ್ಲಿ ಚಂಕ್ಸ್ ತಿಂದರೆ ಎಲ್ಲರಿಗೂ ಹೊಟ್ಟೆ ಉಬ್ಬರ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು ಹಿಂಡಿದ ಮೇಲೆ ಪರವಾಗಿಲ್ಲ. ವಾಸನೆಯೂ ಹೋಗುತ್ತದೆ. ತೋಫು ಮಕ್ಕಳು ಮುಟ್ಟಲಿಲ್ಲ.

ಕೇಳಿದವರು: ಇವತ್ತು ತೂಗಿ ನೋಡಿದೆ. 50 ಗ್ರಾಂ ಚಂಕ್ಸ್ ನೆನೆಸಿ ಹಿಂಡಿದಾಗ 148 ಗ್ರಾಂ ಆಯಿತು. ಪಲ್ಯ ಒಲೆ ಮೇಲಿದೆ. ಅಮ್ಮನಿಗೆ ಹಾರ್ಮೋನ್ ವಿಷಯ ಇನ್ನೂ ಒಪ್ಪಿಗೆ ಇಲ್ಲ. ಆದರೆ ಅವರೂ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾರೆ, ನಾಲ್ಕು ಗಂಟೆ ಅಂತರದ ಮಾತನ್ನು ಎರಡು ಸಲ ಕೇಳಿಸಿಕೊಂಡರು.