ಪದಚರ್ಚೆ: ಸಹಾಯಕಿಗೆ ಕೊಡುವುದು ‘ಗೌರವಧನ’ವೋ ‘ಸಂಬಳ’ವೋ?

ಎಲ್ಲರಿಗೂ ನಮಸ್ಕಾರ. ನಮ್ಮೂರ ಮಹಿಳಾ ಸಂಘದ ಶಿಶುವಿಹಾರಕ್ಕೆ ಮುಂದಿನ ವರ್ಷದ ಬಜೆಟ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಅಂಗನವಾಡಿಯ ಲೆಕ್ಕವನ್ನೇ ಮಾದರಿಯಾಗಿ ಇಟ್ಟುಕೊಂಡೆ. ಊಟಕ್ಕೆ 2017ರಲ್ಲಿ ಕೇಂದ್ರ ಗೊತ್ತುಮಾಡಿದ ದರ ಹಿಡಿದೆ: ಮಗುವಿಗೆ ದಿನಕ್ಕೆ 8 ರೂಪಾಯಿ, ವರ್ಷಕ್ಕೆ 300 ದಿನ. ನಮ್ಮ 20 ಮಕ್ಕಳಿಗೆ 48,000 ರೂಪಾಯಿ ಆಯಿತು. ಆಟದ ಸಾಮಾನು, ಬಾಡಿಗೆ ಬರೆಯಲು ಕಷ್ಟವಾಗಲಿಲ್ಲ.

ಸಿಕ್ಕಿಕೊಂಡದ್ದು ಎರಡು ಪದಗಳಲ್ಲಿ. ‘ಸಹಾಯಕಿಯ ಗೌರವಧನ’ ಎಂದು ಬರೆದದ್ದನ್ನು ನೋಡಿ ಅವಳೇ ಹೇಳಿದಳು, “ಅಕ್ಕಾ, ಗೌರವ ಇರ್ಲಿ, ಸಂಬಳ ಅಂತ ಬರೀರಿ.” ಇನ್ನೊಂದು, ‘ಮೇಲ್ವಿಚಾರಕಿಯ ಭೇಟಿ ವೆಚ್ಚ’. ಅದನ್ನು ಓದಿದ ಖಜಾಂಚಿ, “ಯಾರಿಗೆ ಕಾಣಿಕೆ?” ಅಂದರು. ಏನು ಬರೆಯಲಿ?

ಲೆಕ್ಕ ಬರೆಯುವವರೊಬ್ಬರು: ಗೌರವಧನವೇ ಸರಿ. ಸಂಬಳ ಅಂದರೆ ಹುದ್ದೆ ಇರಬೇಕು. ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲೇ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮ್ಮ ಕರ್ನಾಟಕದ್ದೇ ಪ್ರಕರಣ.

ಟೈಲರಿಂಗ್ ಅಂಗಡಿಯವರು: ನನ್ನ ಮನೆಯ ಮುಂದಿನ ಕೋಣೆಯನ್ನೂ ಅಂಗನವಾಡಿಗೆ ಕೊಟ್ಟಿದ್ದೆ. ಬಾಡಿಗೆ ತಿಂಗಳುಗಟ್ಟಲೆ ಬರಲಿಲ್ಲ. ಅದಕ್ಕೂ ‘ಗೌರವಧನ’ ಅಂತ ಹೆಸರಿಡಬಹುದಿತ್ತು, ಅಲ್ವಾ!

ನಿವೃತ್ತ ಮೇಲ್ವಿಚಾರಕಿ: ಹುದ್ದೆಯ ಮಾತೇ ಬೇರೆ, ಹಣದ ಮಾತೇ ಬೇರೆ. ಲೆಕ್ಕದವರು ಎರಡನ್ನೂ ಬೆರೆಸಿದ್ದಾರೆ. ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ, 2022ರ ಏಪ್ರಿಲ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಈ ಪದವನ್ನೇ ಬಿಡಿಸಿ ನೋಡಿತು. ಕಾರ್ಯಕರ್ತೆ, ಸಹಾಯಕಿಯರಿಗೆ ಕೊಡುವ ಹಣಕ್ಕೆ ಗೌರವಧನ ಎಂದು ಹೆಸರಿಟ್ಟರೂ 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕದಲ್ಲಿ ಅದು ವೇತನವೇ, ಆದ್ದರಿಂದ ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಅಂದರೆ ಹೆಸರು ಏನಿದ್ದರೂ ಕೆಲಸ ನೋಡಬೇಕು. ಸಹಾಯಕಿ ಬೆಳಿಗ್ಗೆ ಬಂದು ಗುಡಿಸಿ, ನೀರು ತುಂಬಿ, ಅಡುಗೆ ಮಾಡಿ, ಪಾತ್ರೆ ತೊಳೆದು ಹೋಗುತ್ತಾಳೆ. ಸಮಾರಂಭದಲ್ಲಿ ಒಂದು ಗಂಟೆ ಭಾಷಣ ಮಾಡಿದವರಿಗೆ ಲಕೋಟೆಯಲ್ಲಿ ಕೊಡುವ ಗೌರವಧನಕ್ಕೂ ಇದಕ್ಕೂ ಏನು ಸಂಬಂಧ?

ನಿಮ್ಮದು ಸಂಘದ ಶಿಶುವಿಹಾರ. ಹೆಸರು ನಿಮ್ಮ ಕೈಯಲ್ಲೇ ಇದೆ, ‘ಸಂಬಳ’ ಎಂದೇ ಬರೆಯಿರಿ. ಹಾಗೆ ಬರೆದ ಮಾತ್ರಕ್ಕೆ ಗ್ರಾಚ್ಯುಟಿ ಬಂದುಬಿಡುವುದಿಲ್ಲ. ಅದು ಸಾಮಾನ್ಯವಾಗಿ ಹತ್ತು ಜನರಾದರೂ ದುಡಿಯುವ ಸಂಸ್ಥೆಗಳಿಗೆ. ‘ಭೇಟಿ’ಯ ಬದಲು ‘ಮೇಲ್ವಿಚಾರಕಿಯ ಓಡಾಟದ ಖರ್ಚು’ ಎಂದು ಹಾಕಿ. ಅಲ್ಲಿ ಕೊಡುವುದು ಬಸ್ ಚಾರ್ಜು ತಾನೇ?

ಲೆಕ್ಕದವರು ಮತ್ತೆ: 2022ರದ್ದು ನನಗೆ ಗೊತ್ತಿರಲಿಲ್ಲ. ಆದರೂ ‘ಸಂಬಳ’ ಎಂದು ಬರೆದ ಮೇಲೆ ರಜೆ, ಹಬ್ಬದ ಮುಂಗಡ ಎಲ್ಲವನ್ನೂ ಕೇಳುತ್ತಾರೆ ನೋಡಿ.

ಮೊದಲು ಕೇಳಿದವರು: ಕೇಳಲಿ ಸಾರ್. ‘ಸಂಬಳ’ ಹಾಕಿದೆ, ‘ಓಡಾಟದ ಖರ್ಚು’ ಕೂಡ. ಈಗ ಖಜಾಂಚಿಯ ಹೊಸ ತಕರಾರು: ಹಾಗಾದರೆ ‘ಸಹಾಯಕಿ’ ಯಾಕೆ? ಅಡುಗೆಯನ್ನೆಲ್ಲ ಅವಳೇ ಮಾಡುವಾಗ ‘ಅಡುಗೆಯವಳು’ ಅನ್ನಬಾರದೇ ಅಂತ.